ಒಂದೇ ಊರಿಗೆ ಮೂರು ಕಾಗುಣಿತ: ಕಜಾಕ್ ಲಿಪಿಯ ಗೊಂದಲದಲ್ಲಿ ಅನುವಾದಕರು

*ಮಾನ್ಯ ಸಂಪಾದಕರೇ, ಕಜಾಕಿಸ್ತಾನದ ಕೆಲವು ಕಥೆಗಳನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಊರಿನ ಹೆಸರು ಒಂದು ಕಡೆ Zhanaozen, ಇನ್ನೊಂದು ಕಡೆ Jańaózen, ಮತ್ತೊಂದು ಕಡೆ Jañaözen ಎಂದು ಸಿಗುತ್ತಿದೆ. ಆ ಭಾಷೆ ಹೇಗೂ ಸಿರಿಲಿಕ್ ಬಿಟ್ಟು ಲ್ಯಾಟಿನ್ ಲಿಪಿಗೆ ಬರುತ್ತಿದೆಯಂತೆ. ಹಾಗಾದರೆ ಇನ್ನು ಮುಂದೆ ಕಣ್ಣಿಗೆ ಕಂಡಂತೆ ಓದಿ ಕನ್ನಡದಲ್ಲಿ ಬರೆದರೆ ಸಾಕಲ್ಲವೇ? ಸಿರಿಲಿಕ್ ಕಲಿಯುವ ತಾಪತ್ರಯ ಯಾಕೆ?*
*— ಓದುಗರೊಬ್ಬರು, ಧಾರವಾಡ*

ಸಿರಿಲಿಕ್ ಕಲಿಯಿರಿ. ಭಾಷೆಯನ್ನಲ್ಲ, ಅಕ್ಷರಗಳನ್ನಷ್ಟೇ. ಒಂದು ವಾರ ಸಂಜೆ ಹೊತ್ತು ಕೂತರೆ ಆಗುವ ಕೆಲಸ. ಲ್ಯಾಟಿನ್ ಬಂದಮೇಲೆ ಅದು ಬೇಡವಾಗುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಆಗಿರುವುದು ತದ್ವಿರುದ್ಧ. ಯಾಕೆಂದರೆ ಬರುತ್ತಿರುವುದು ಒಂದು ಲ್ಯಾಟಿನ್ ಅಲ್ಲ. 2017ರಿಂದ 2021ರ ನಡುವೆಯೇ ಮೂರು ಬಗೆಯ ಲ್ಯಾಟಿನ್ ಬಂದುಹೋಗಿವೆ, ಮತ್ತು ಮೂರೂ ತಮ್ಮ ಗುರುತನ್ನು ಎಲ್ಲೆಲ್ಲೋ ಬಿಟ್ಟುಹೋಗಿವೆ.

ಹಿನ್ನೆಲೆ ಸ್ವಲ್ಪ ಬೇಕು. ಕಜಾಕ್ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. 1929ರಲ್ಲಿ ಸೋವಿಯತ್ ಆಡಳಿತ ಅದನ್ನು ಲ್ಯಾಟಿನ್‌ಗೆ ತಂದಿತು, 1940ರಲ್ಲಿ ಸಿರಿಲಿಕ್‌ಗೆ ಬದಲಿಸಿತು. ಅಂದರೆ ಲ್ಯಾಟಿನ್ ಅವರಿಗೆ ಹೊಸದೇನಲ್ಲ, ಒಮ್ಮೆ ಹನ್ನೊಂದು ವರ್ಷ ಇದ್ದು ಹೋದದ್ದು. 1940ರ ವರ್ಣಮಾಲೆಯಲ್ಲಿ 42 ಅಕ್ಷರಗಳು: ರಷ್ಯನ್‌ನ 33, ಜೊತೆಗೆ ಕಜಾಕ್ ಧ್ವನಿಗಳಿಗೆಂದೇ ಸೇರಿಸಿದ ಒಂಬತ್ತು. ಆ ಒಂಬತ್ತು ಇವು: Ә Ғ Қ Ң Ө Ұ Ү Һ І. ನಿಮ್ಮ ತಲೆನೋವಿನ ಬಹುಪಾಲು ಈ ಒಂಬತ್ತರಿಂದಲೇ ಬಂದದ್ದು.

ನಿಮ್ಮ ಊರನ್ನೇ ತೆಗೆದುಕೊಳ್ಳೋಣ. ಕಜಾಕಿಸ್ತಾನದ ಪಶ್ಚಿಮ ತುದಿಯ ತೈಲನಗರ ಅದು. 2022ರ ಜನವರಿಯಲ್ಲಿ ಗ್ಯಾಸ್ ಬೆಲೆಯ ವಿರುದ್ಧ ಪ್ರತಿಭಟನೆ ಶುರುವಾಗಿ ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ. ಕಜಾಕ್ ಸಿರಿಲಿಕ್‌ನಲ್ಲಿ ಅದು Жаңаөзен. ರಷ್ಯನ್ನರು ಬರೆಯುವಾಗ ಅವರಲ್ಲಿ ң, ө ಇಲ್ಲದ್ದರಿಂದ н, о ಹಾಕಿ Жанаозен ಮಾಡಿಕೊಂಡರು. ಇಂಗ್ಲಿಷಿನವರು ಆ ರಷ್ಯನ್ ರೂಪವನ್ನು ಹಿಡಿದು Zhanaozen ಎಂದರು. ನೀವು ಇಂಗ್ಲಿಷಿನಲ್ಲಿ ನೋಡುವ ಹೊತ್ತಿಗೆ ಹೆಸರು ಎರಡು ಜರಡಿಗಳಲ್ಲಿ ಇಳಿದು ಬಂದಿರುತ್ತದೆ, ಎರಡು ಧ್ವನಿಗಳು ಮೊದಲ ಜರಡಿಯಲ್ಲೇ ಉಳಿದುಹೋಗಿರುತ್ತವೆ. ಉಳಿದೆರಡು ರೂಪಗಳು ಕಜಾಕರೇ ತಮ್ಮ ಸಿರಿಲಿಕ್‌ನಿಂದ ನೇರವಾಗಿ ಮಾಡಿಕೊಂಡವು: Jańaózen 2018ರದ್ದು, Jañaözen 2021ರದ್ದು. ಅದಕ್ಕೂ ಮೊದಲಿನದು ನಿಮ್ಮ ಕೈಗೆ ಸಿಕ್ಕಿಲ್ಲ, ಪುಣ್ಯ. ಅದು Jan'ao'zen.

ಹೌದು, ಪದದ ನಡುವೆ ಮೇಲ್ಕೊಂಬು. 2017ರ ಅಕ್ಟೋಬರಿನಲ್ಲಿ ಅಂದಿನ ಅಧ್ಯಕ್ಷ ನಜರ್ಬಾಯೆವ್ ಸಹಿ ಹಾಕಿದ ಆದೇಶದಲ್ಲಿದ್ದದ್ದು ಇದೇ. ಕೊಕ್ಕೆ, ಮೇಲುಚುಕ್ಕಿ ಯಾವುದೂ ಬೇಡ, ಸಾಮಾನ್ಯ ಕೀಲಿಮಣೆಯಲ್ಲಿ ಇರುವುದಷ್ಟರಲ್ಲೇ ಬರೆಯುವಂತಿರಬೇಕು ಎಂಬುದು ಉದ್ದೇಶ. ಚೆರ್ರಿ ಹಣ್ಣಿನ ಹೆಸರು шие ಆ ಪದ್ಧತಿಯಲ್ಲಿ s'i'e ಆಯಿತು. ಕಂಪ್ಯೂಟರು ಮೇಲ್ಕೊಂಬು ಕಂಡಲ್ಲಿ ಪದ ಮುಗಿಯಿತೆಂದು ತಿಳಿಯುವ ಸಂಭವವೇ ಹೆಚ್ಚು, ಆಮೇಲೆ ಹುಡುಕಾಟ, ಅಕಾರಾದಿ ಎಲ್ಲ ಎಡವಟ್ಟು. ಟೀಕೆ ಜೋರಾಗಿ, ನಾಲ್ಕೇ ತಿಂಗಳಲ್ಲಿ, 2018ರ ಫೆಬ್ರುವರಿಯಲ್ಲಿ, ಆದೇಶವನ್ನು ತಿದ್ದಿ ಮೇಲ್ಕೊಂಬಿನ ಜಾಗದಲ್ಲಿ ಅಕ್ಷರದ ತಲೆಯ ಮೇಲೆ ಓರೆಗೀಟು ತಂದರು. ш, ч ಧ್ವನಿಗಳಿಗೆ ಇಂಗ್ಲಿಷಿನ ಹಾಗೆ sh, ch ಜೋಡಿಗಳು. ಅದಕ್ಕೂ ತೃಪ್ತಿಯಾಗದೆ, ಟೊಕಾಯೆವ್ ಅಧ್ಯಕ್ಷರಾದ ಮೇಲೆ 2021ರಲ್ಲಿ ಈಗಿನ 31 ಅಕ್ಷರಗಳ ಪಟ್ಟಿ ಮುಂದಿಟ್ಟರು. ಜೋಡಿ ಅಕ್ಷರ ಹೋಗಿ ತುರ್ಕಿಯ ಹಾಗೆ ş, ğ, ö, ü ಬಂದವು. ಬದಲಾವಣೆಯ ಗಡುವನ್ನೂ 2031ಕ್ಕೆ ತಳ್ಳಿದರು. ದಿನಪತ್ರಿಕೆ, ಪಠ್ಯಪುಸ್ತಕ, ಕಾನೂನು ಎಲ್ಲ ಇನ್ನೂ ಸಿರಿಲಿಕ್‌ನಲ್ಲೇ ನಡೆದಿವೆ.

ಜೋಡಿ ಅಕ್ಷರ ಬಿಟ್ಟದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಊಟದ ಮನೆಗೆ ಕಜಾಕರು асхана ಎನ್ನುತ್ತಾರೆ, ಅಂದರೆ ‘ಅಸ್‌ಹಾನಾ’. 2018ರ ಪದ್ಧತಿಯಲ್ಲಿ х ಧ್ವನಿಗೆ h, ಹಾಗಾಗಿ ಪದ ashana. ಆದರೆ ಅಲ್ಲಿ sh ಎಂದರೆ ಶ ಕೂಡ. ಭಾಷೆ ಗೊತ್ತಿಲ್ಲದವರು, ಲಿಪಿ ಬದಲಿಸುವ ತಂತ್ರಾಂಶವೂ ಸೇರಿ, ‘ಅಶಾನಾ’ ಎಂದೇ ಓದುವುದು. 2021ರಲ್ಲೂ ಕಾಗುಣಿತ ಅದೇ ashana, ಆದರೆ ಶ ಧ್ವನಿಗೆ ಬೇರೆ ş ಇರುವುದರಿಂದ s ಮತ್ತು h ಬಿಡಿಬಿಡಿಯಾಗಿಯೇ ನಿಲ್ಲುತ್ತವೆ.

ಇದೆಲ್ಲ ಕಣ್ಣಿಗೆ ಕಾಣುವ ತೊಡಕು. ಅನುವಾದಕರನ್ನು ನಿಜವಾಗಿ ಬೀಳಿಸುವುದು ಬೇರೆ ಒಂದು, ಅದು ಸದ್ದಿಲ್ಲದೆ ಬೀಳಿಸುತ್ತದೆ.

ಕಜಾಕ್ ಸಿರಿಲಿಕ್‌ನಲ್ಲಿ ಎರಡು ‘ಇ’ಗಳಿವೆ. і ಎಂಬುದು ಮೊಟಕಾದ ಇ. и ಎಂಬುದು ‘ಇಯ್’ ಎಂದು ಸ್ವಲ್ಪ ಎಳೆಯುವ ಇ. ಬಟ್ಟೆ ಎಂಬರ್ಥದ киім ಪದದಲ್ಲಿ ಎರಡೂ ಒಟ್ಟಿಗಿವೆ, ಕನ್ನಡದಲ್ಲಿ ಸುಮಾರಾಗಿ ‘ಕಿಯಿಮ್’. 2018ರ ಪದ್ಧತಿಯಲ್ಲಿ ಚುಕ್ಕಿ ಇರುವ i ಅಕ್ಷರವನ್ನು іಗೂ, ಚುಕ್ಕಿಯಿಲ್ಲದ ı ಅಕ್ಷರವನ್ನು иಗೂ ಕೊಟ್ಟರು. ಹಾಗಾಗಿ kıim. 2021ರಲ್ಲಿ ಇದನ್ನು ತಲೆಕೆಳಗು ಮಾಡಿದರು: ಚುಕ್ಕಿಯಿಲ್ಲದ್ದು іಗೆ, ಚುಕ್ಕಿಯದ್ದು иಗೆ. ಹಾಗಾಗಿ kiım. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಚುಕ್ಕಿ ಒಂದು ಮನೆ ಆಚೆಗೆ ಜಿಗಿದಿದೆ, ಅಷ್ಟೇ. ಮುದ್ರಣದಲ್ಲಿ ಇದನ್ನು ಕರಡು ತಿದ್ದುವವರು ಹಿಡಿಯುವುದು ಕಷ್ಟ, ಎರಡೂ ಸರಿಯಾದ ಕಜಾಕ್ ಕಾಗುಣಿತಗಳೇ, ಬೇರೆಬೇರೆ ವರ್ಷದವು.

ಇನ್ನು ಕಂಪ್ಯೂಟರಿಗೆ ಬನ್ನಿ. ವಿದ್ಯೆ ಎಂಬರ್ಥದ білім 2021ರ ಪ್ರಕಾರ bılım. ಯಾರೋ ಅದನ್ನು ಶೀರ್ಷಿಕೆಗೆಂದು ದೊಡ್ಡ ಅಕ್ಷರಕ್ಕೆ ತಿರುಗಿಸಿದರು: BILIM. ಸರಿಯೇ ಇದೆ. ಅದನ್ನು ಮತ್ತೆ ಸಣ್ಣ ಅಕ್ಷರಕ್ಕೆ ತಂದರೆ ಸಾಮಾನ್ಯ ತಂತ್ರಾಂಶ ಕೊಡುವುದು bilim. ಅದನ್ನು 2021ರ ಪಟ್ಟಿ ಹಿಡಿದು ಸಿರಿಲಿಕ್‌ಗೆ ವಾಪಸ್ ಕಳಿಸಿದರೆ билим ಆಗುತ್ತದೆ, ಕಜಾಕ್‌ನಲ್ಲಿ ಅಂಥ ಕಾಗುಣಿತ ಇಲ್ಲ. ಚುಕ್ಕಿಯ i ದೊಡ್ಡದಾದಾಗ ಚುಕ್ಕಿ ಉಳಿಸಿಕೊಂಡು İ ಆಗಬೇಕು, ಬೋಳು ı ಮಾತ್ರ I ಆಗಬೇಕು ಎಂಬ ವಿಶೇಷ ನಿಯಮವನ್ನು ಯುನಿಕೋಡ್ ತುರ್ಕಿ ಮತ್ತು ಅಜರ್ಬೈಜಾನಿ ಭಾಷೆಗಳಿಗೆ ಇಟ್ಟಿದೆ. ಪಠ್ಯದ ಭಾಷೆ ಕಜಾಕ್ ಎಂದು ಸೂಚಿಸಿದರೆ ಆ ನಿಯಮ ತಾನಾಗಿ ಚಾಲೂ ಆಗುವುದಿಲ್ಲ. ಅದಕ್ಕೇ ದೊಡ್ಡ ಅಕ್ಷರಗಳ ಶೀರ್ಷಿಕೆಯಿಂದ ಹೆಸರನ್ನು ಎತ್ತಿಕೊಳ್ಳಬೇಡಿ, ಒಳಗಿನ ಪಠ್ಯದಲ್ಲಿ ಅದೇ ಹೆಸರು ಎಲ್ಲಿದೆ ಹುಡುಕಿ.

ಸಿರಿಲಿಕ್ ಪಠ್ಯದಲ್ಲೂ ಇದರ ಅಣ್ಣನೊಬ್ಬ ಅಡಗಿರುತ್ತಾನೆ. ಸಿರಿಲಿಕ್ і ಮತ್ತು ಲ್ಯಾಟಿನ್ i ನೋಡಲು ಒಂದೇ, ಒಳಗಿನ ಸಂಕೇತ ಬೇರೆ: U+0456 ಮತ್ತು U+0069. ರಷ್ಯನ್ ಕೀಲಿಮಣೆಯಲ್ಲಿ і ಇಲ್ಲದ್ದರಿಂದ ಲ್ಯಾಟಿನ್ i ಒತ್ತಿ ಕೆಲಸ ಮುಗಿಸಿದ ಕಡತಗಳು ಸಿಗುತ್ತವೆ. ಪರಿವರ್ತಕಕ್ಕೆ ಹಾಕಿದಾಗ ಆ i ಹಾಗೇ ಹಾದುಹೋಗಿ, 2021ರ ಲೆಕ್ಕದಲ್ಲಿ и ಆಗಿ ಕೂತುಬಿಡುತ್ತದೆ. ಪುಸ್ತಕ ಎಂಬರ್ಥದ кітап ಆಗ kıtap ಆಗುವ ಬದಲು kitap. ಪರಿವರ್ತಿಸಿದ ಮೇಲೆ ಕಂಡುಹಿಡಿಯಲು ದಾರಿಯಿಲ್ಲ. ಮೊದಲೇ ಸಿರಿಲಿಕ್ ಕಡತದಲ್ಲಿ ಕೀಲಿಮಣೆ ಇಂಗ್ಲಿಷಿಗಿಟ್ಟು i ಒತ್ತಿ ಹುಡುಕಿ. ಕಜಾಕ್ ಪದಗಳ ಒಳಗೆ ಒಂದಾದರೂ ಸಿಕ್ಕಿದರೆ ಕಡತ ಬೆರಕೆಯಾಗಿದೆ ಎಂದೇ ಅರ್ಥ.

ಲ್ಯಾಟಿನ್‌ನಿಂದ ಸಿರಿಲಿಕ್‌ಗೆ ಹಿಂತಿರುಗುವ ದಾರಿಯಲ್ಲಿ ನಷ್ಟವೂ ಇದೆ. 42 ಅಕ್ಷರ 31ಕ್ಕೆ ಇಳಿದಾಗ ಕೆಲವು ಒಂದಾಗಲೇಬೇಕಲ್ಲ. х, һ ಎರಡೂ h. и, й ಎರಡೂ i. ತಂತ್ರಾಂಶಕ್ಕೆ ಊಹೆಯೇ ಗತಿ. ಆದ್ದರಿಂದಲೇ ನಾನು ಹೇಳುವುದು: ಕಥೆಗಾರರ ಮೂಲ ಸಿರಿಲಿಕ್‌ನಲ್ಲಿದ್ದರೆ ಅದನ್ನೇ ಮೂಲಪ್ರತಿ ಎಂದಿಟ್ಟುಕೊಳ್ಳಿ, ಅದರಿಂದ ಬೇಕಾದ ಲ್ಯಾಟಿನ್ ಮಾಡಿಕೊಳ್ಳಬಹುದು. ಉಲ್ಟಾ ಹೋಗಬೇಡಿ.

ಈಗ ಕನ್ನಡದ ಮಾತು. ಲ್ಯಾಟಿನ್ ಕಂಡಂತೆ ಓದಿದರೆ ಮೊದಲು ಎಡವುವುದು ñ ಅಕ್ಷರದಲ್ಲಿ. ಸ್ಪ್ಯಾನಿಷ್ ಬಲ್ಲವರು, ಸಂಸ್ಕೃತದ ರೋಮನ್ ಲಿಪ್ಯಂತರ ಬಲ್ಲವರು ಇಬ್ಬರೂ ಅದನ್ನು ಞ ಎಂದೇ ಓದುತ್ತಾರೆ. ಕಜಾಕ್‌ನಲ್ಲಿ ಅದು ಸಿರಿಲಿಕ್ ң, ಅಂದರೆ ನಮ್ಮ ಙ. ಅವರ ಹಣದ ಹೆಸರಿನಲ್ಲಿ ಇದು ಸಲೀಸು: теңге, ಕನ್ನಡದಲ್ಲಿ ‘ತೆಂಗೆ’ ಎಂದರೆ ಮುಗಿಯಿತು, ನಮ್ಮ ಅನುಸ್ವಾರ ಗಕಾರದ ಮುಂದೆ ತಾನಾಗಿ ಆ ಧ್ವನಿಯನ್ನೇ ಕೊಡುತ್ತದೆ. (2019ರಿಂದ ಬಂದ ನಾಣ್ಯಗಳ ಮೇಲೆ ಹೆಸರು TEŃGE ಎಂದು 2018ರ ಕಾಗುಣಿತದಲ್ಲಿದೆ. ಪಟ್ಟಿ ಬದಲಾಯಿತು, ಟಂಕಿಸಿದ್ದು ಬದಲಾಗಲಿಲ್ಲ.) ಆದರೆ Жаңаөзен ಹೆಸರಿನಲ್ಲಿ ң ಎರಡು ಸ್ವರಗಳ ನಡುವೆ ಕೂತಿದೆ. ‘ಜಂಗಾ’ ಎಂದರೆ ಇಲ್ಲದ ಗಕಾರ ಸೇರುತ್ತದೆ. ‘ಜಙಾ’ ಎಂಬುದು ಶುದ್ಧ, ಆದರೆ ಕಥೆ ಓದುವವರು ಆ ಙಕಾರದ ಮುಂದೆ ನಿಂತೇಬಿಡುತ್ತಾರೆ. ನಮ್ಮ ಪತ್ರಿಕೆಯಲ್ಲಾದರೆ ನಾನು ‘ಜನಾಓಜೆನ್’ ಎಂದು ಹಾಕಿಸುತ್ತೇನೆ. ಧ್ವನಿ ಸ್ವಲ್ಪ ಸೋರಿದರೂ ಓದು ನಿಲ್ಲುವುದಿಲ್ಲ. ‘ಝಾನಾಓಝೆನ್’ ಬೇಡವೇ ಬೇಡ. ಇಂಗ್ಲಿಷಿನ zh ನೋಡಿ ಝ ಹಾಕುವುದು ನಮ್ಮಲ್ಲಿ ಚಟವಾಗಿದೆ, ಕಜಾಕ್ ж ಧ್ವನಿಯಲ್ಲಿ ಮಹಾಪ್ರಾಣವೇ ಇಲ್ಲ. ಹಾಗೆಯೇ ғ ಕಂಡು ಘ, қ ಕಂಡು ಖ ಮಾಡಬೇಡಿ, ಗ ಮತ್ತು ಕ ಸಾಕು.

ಅಲ್ಮಾಟಿ, ಅಸ್ತಾನಾ ಇಂಥ ರೂಢಿಯ ಹೆಸರುಗಳನ್ನು ಮುಟ್ಟಬೇಡಿ. ಉಳಿದ ಪ್ರತಿ ಹೆಸರಿಗೂ ಒಂದು ಸಾಲು ಬರೆದಿಟ್ಟುಕೊಳ್ಳಿ: ಮೊದಲು ಕಜಾಕ್ ಸಿರಿಲಿಕ್ ರೂಪ, ಮುಂದೆ ನಿಮ್ಮ ಇಂಗ್ಲಿಷ್ ಪ್ರತಿಯಲ್ಲಿ ಇರುವ ರೂಪ, ಕೊನೆಗೆ ನೀವು ಆರಿಸಿದ ಕನ್ನಡ ರೂಪ. ಲ್ಯಾಟಿನ್ ರೂಪ ಮಾತ್ರ ಸಿಕ್ಕಿದರೆ ಅದರ ವರ್ಷ ಗುರುತಿಸಿ. ಮೇಲ್ಕೊಂಬಿದ್ದರೆ 2017, ಓರೆಗೀಟು ಮತ್ತು sh ಇದ್ದರೆ 2018, ಜೋಡಿಚುಕ್ಕಿ ಮತ್ತು ş ಇದ್ದರೆ 2021. ಯಾವ ಗುರುತೂ ಇಲ್ಲದೆ zh, kh ಇದ್ದರೆ ರಷ್ಯನ್ ಮೂಲಕ ಬಂದದ್ದೆಂದು ಹಿಡಿಯಿರಿ. ಕಥೆಗಾರರು ಬದುಕಿದ್ದು ಅವರ ಅನುಮತಿ ಪತ್ರ, ಕರಾರು ಇತ್ಯಾದಿ ನೀವೇ ನೋಡಿಕೊಳ್ಳುವುದಾದರೆ, ಅಲ್ಲಿ ಮಾತ್ರ ಈ ಯಾವ ಪಟ್ಟಿಯನ್ನೂ ಹಚ್ಚಬೇಡಿ, ಅವರ ಪಾಸ್‌ಪೋರ್ಟಿನಲ್ಲಿ ಲ್ಯಾಟಿನ್ ಹೆಸರು ಹೇಗಿದೆಯೋ ಅಕ್ಷರಶಃ ಹಾಗೇ ಇಳಿಸಿ. ಪುಸ್ತಕದ ಮುಖಪುಟದಲ್ಲಿ ಕನ್ನಡ ರೂಪ ಬೇರೆಯಾಗಿದ್ದರೆ ಅಡ್ಡಿಯಿಲ್ಲ.

— ಸಂಪಾದಕ