ಸಹ-ಲೇಖಕತ್ವದಿಂದ ಹಿಂದೆ ಸರಿಯುವ ಪತ್ರದಲ್ಲಿ ಮಾಡಿದ ಕೆಲಸವನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: ಜಂಟಿ ಸಂಶೋಧನಾ ಯೋಜನೆಯಿಂದಲೂ ಅದರ ಪ್ರಬಂಧದ ಸಹ-ಲೇಖಕತ್ವದಿಂದಲೂ ಹೊರಬರಬೇಕೆಂದಿದ್ದೇನೆ. ಈಗಾಗಲೇ ಮಾಡಿರುವ ಕೆಲಸಕ್ಕೆ ನನ್ನ ಹೆಸರು ಉಳಿಯಬೇಕು. ಪತ್ರದಲ್ಲಿ ಏನು ಬರೆಯಲಿ?

ರಾಯಚೂರು ಜಿಲ್ಲೆಯಲ್ಲಿ ಮಣ್ಣು ವಿಜ್ಞಾನದ ಅಧ್ಯಾಪಕನಾಗಿರುವ ನಾನು ಇಂಥದೇ ಒಂದು ಪತ್ರವನ್ನು ಬರೆದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಯೋಜನೆಯನ್ನು ಬಿಡುವುದು, ಲೇಖಕರ ಪಟ್ಟಿಯಿಂದ ಹೆಸರು ತೆಗೆಸುವುದು, ಮಾಡಿದ ಕೆಲಸ ನಿಮ್ಮದೆಂದು ದಾಖಲಾಗುವುದು, ಈ ಮೂರೂ ಬೇರೆ ಬೇರೆ ಸಂಗತಿಗಳು. ಪತ್ರದಲ್ಲಿ ಒಂದೊಂದಕ್ಕೂ ಪ್ರತ್ಯೇಕ ಪ್ಯಾರಾ ಇರಲಿ. ಒಂದೇ ವಾಕ್ಯದಲ್ಲಿ ಕಲೆಸಿ ಬರೆದರೆ, ಹೆಸರು ತೆಗೆದವರು ಕೆಲಸದ ಉಲ್ಲೇಖವನ್ನೂ ತೆಗೆದುಬಿಡುತ್ತಾರೆ.

ನಮ್ಮ ಯೋಜನೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಭತ್ತದ ಗದ್ದೆಗಳಲ್ಲಿ ಮಣ್ಣು ಎಷ್ಟು ಸವಳಾಗಿದೆ ಎಂಬುದನ್ನು ಅಳೆಯುವುದಾಗಿತ್ತು. ಸಿಂಧನೂರು, ಮಾನ್ವಿ ಕಡೆಯ ಮಾದರಿಗಳ ಸಂಗ್ರಹ ಮತ್ತು ಪ್ರಯೋಗಾಲಯದ ಅಳತೆ ನನ್ನದು, ವಿಶ್ಲೇಷಣೆ ಸಹೋದ್ಯೋಗಿಗಳದು. ಬೇಸಿಗೆಯಲ್ಲಿ ತೇವ ಆವಿಯಾಗುತ್ತ ಲವಣವನ್ನು ಮೇಲ್ಪದರಕ್ಕೆ ತರುತ್ತದೆ, ಗದ್ದೆಗೆ ಕಾಲುವೆ ನೀರು ನಿಂತಾಗ ಅದೇ ಲವಣ ಕರಗಿ ಕೆಳಗಿಳಿಯುತ್ತದೆ. ಆದ್ದರಿಂದ ಎರಡೂ ಕಾಲದ ಮಾದರಿಗಳನ್ನು ಸೇರಿಸಿ ಒಂದೇ ಸರಾಸರಿ ತೆಗೆಯಬಾರದೆಂಬುದು ನನ್ನ ವಾದವಾಗಿತ್ತು. ತಂಡ ಅದನ್ನು ಒಪ್ಪಲಿಲ್ಲ. ಲೇಖಕನಾದವನು ಪ್ರಬಂಧದ ಅಂತಿಮ ರೂಪಕ್ಕೆ ಒಪ್ಪಿಗೆ ಕೊಡಬೇಕು, ಅದರ ಎಲ್ಲ ಭಾಗಗಳಿಗೂ ಉತ್ತರದಾಯಿಯಾಗಿರಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಮಾನದಂಡಗಳಲ್ಲಿ ಇವೆರಡೂ ಸೇರಿವೆ, ಬೇರೆ ವಿಷಯಗಳ ಅನೇಕ ಪತ್ರಿಕೆಗಳೂ ಇವನ್ನು ಅನುಸರಿಸುತ್ತವೆ. ನಾನು ಒಪ್ಪದ ಸರಾಸರಿಗೆ ನನ್ನ ಒಪ್ಪಿಗೆ ಕೊಡುವಂತಿರಲಿಲ್ಲ.

ಪತ್ರದಲ್ಲಿ ಈ ಭಿನ್ನಾಭಿಪ್ರಾಯಕ್ಕೆ ಒಂದೇ ವಾಕ್ಯ ಕೊಟ್ಟೆ. ಕಾರಣವನ್ನು ಬೆಳೆಸಿದಷ್ಟೂ ಪತ್ರ ದೂರಿನ ರೂಪ ತಾಳುತ್ತದೆ, ಆಗ ಓದುವವರ ಗಮನ ಕೆಲಸದ ವಿವರದತ್ತ ಹೋಗುವುದಿಲ್ಲ. ಉಳಿದ ಜಾಗವನ್ನೆಲ್ಲ ಮಾಡಿದ ಕೆಲಸಕ್ಕೇ ಇಟ್ಟೆ. ಆ ಭಾಗ ಹೀಗಿತ್ತು:

“ಮಾದರಿ ಸಂಗ್ರಹದ ಕ್ರಮವನ್ನು ರೂಪಿಸಿದ್ದು, ಎರಡೂ ಕಾಲಗಳಲ್ಲಿ ಮಾದರಿಗಳನ್ನು ತೆಗೆದದ್ದು, ಅವುಗಳ ವಿದ್ಯುತ್ ವಾಹಕತೆಯನ್ನು ಅಳೆದದ್ದು ಹಾಗೂ ಕರಡಿನ ‘ವಿಧಾನ’ ಭಾಗವನ್ನು ಬರೆದದ್ದು ನನ್ನ ಕೆಲಸ. ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯಲ್ಲಿ ಮತ್ತು ತೀರ್ಮಾನಗಳಲ್ಲಿ ನನ್ನ ಪಾತ್ರವಿಲ್ಲ. ಅಳತೆಗಳನ್ನು ಯೋಜನೆ ಬಳಸಿಕೊಳ್ಳಲು ನನ್ನ ಆಕ್ಷೇಪವಿಲ್ಲ. ಅವುಗಳನ್ನು ಬಳಸಿದ ಪ್ರತಿಯೊಂದು ಪ್ರಬಂಧ ಮತ್ತು ವರದಿಯ ಕೃತಜ್ಞತಾ ಭಾಗದಲ್ಲಿ ಈ ಎರಡು ವಾಕ್ಯಗಳು ಇರಬೇಕೆಂದು ಕೋರುತ್ತೇನೆ: ‘ಮಣ್ಣಿನ ಮಾದರಿಗಳನ್ನು ಸಂಗ್ರಹಿಸಿ ಅಳೆದವರು ಡಾ. ———. ವಿಶ್ಲೇಷಣೆ ಮತ್ತು ತೀರ್ಮಾನಗಳ ಹೊಣೆ ಲೇಖಕರದು.’ ಈ ವಾಕ್ಯಗಳನ್ನು ಬದಲಿಸುವ ಮುನ್ನ ನನ್ನ ಲಿಖಿತ ಒಪ್ಪಿಗೆ ಪಡೆಯಬೇಕು.”

ಕೃತಜ್ಞತೆಯ ವಾಕ್ಯವನ್ನು ನೀವೇ ಬರೆದುಕೊಡಿ ಎಂದು ಒತ್ತಿ ಹೇಳುತ್ತೇನೆ. ಅವರಿಗೆ ಬಿಟ್ಟರೆ “ಸಹಕಾರ ನೀಡಿದ ಡಾ. ——— ಅವರಿಗೆ ವಂದನೆಗಳು” ಎಂದು ಬರುತ್ತದೆ. ಅದರಲ್ಲಿ ನೀವು ಮಾಡಿದ್ದೇನೆಂಬುದು ತಿಳಿಯುವುದಿಲ್ಲ, ಮೇಲಾಗಿ ನೀವು ತೀರ್ಮಾನಗಳನ್ನು ಒಪ್ಪಿದ್ದೀರಿ ಎಂಬ ಅರ್ಥವೂ ಹೊರಡುತ್ತದೆ. ಈ ಕಾರಣಕ್ಕಾಗಿಯೇ ಕೃತಜ್ಞತೆಯಲ್ಲಿ ಹೆಸರಿಸುವವರ ಲಿಖಿತ ಅನುಮತಿ ಪಡೆಯುವಂತೆ ಅದೇ ಸಮಿತಿ ಸಲಹೆ ನೀಡುತ್ತದೆ.

ನೀವು ಬರೆದ ಕರಡಿನ ಬಗ್ಗೆಯೂ ಸ್ಪಷ್ಟವಾಗಿ ಹೇಳಿ. ಲೇಖಕರ ಪಟ್ಟಿಯಲ್ಲಿಲ್ಲದವರ ಬರವಣಿಗೆ ಪ್ರಬಂಧದಲ್ಲಿ ಅಕ್ಷರಶಃ ಉಳಿದರೆ ಮುಂದೆ ತಕರಾರು ಬರುತ್ತದೆ. ನನ್ನ ‘ವಿಧಾನ’ ಭಾಗದ ವಿವರಗಳನ್ನು ಇಟ್ಟುಕೊಂಡು ವಾಕ್ಯಗಳನ್ನು ಹೊಸದಾಗಿ ಬರೆಯಿರಿ ಎಂದು ತಿಳಿಸಿದೆ.

ಇಲ್ಲಿ ಒಂದು ನಷ್ಟವಿದೆ, ಅದನ್ನು ಮೊದಲೇ ತೂಗಿ ನೋಡಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿರುವ ಪ್ರಬಂಧದ ಅಂಕಗಳಲ್ಲಿ ಮೊದಲ ಅಥವಾ ಸಂಪರ್ಕ ಲೇಖಕರಿಗೆ ಶೇ 70, ಉಳಿದ ಸಹ-ಲೇಖಕರಿಗೆ ತಲಾ ಶೇ 30 ಸಿಗುತ್ತದೆ. ಕೃತಜ್ಞತೆಯಲ್ಲಿನ ಹೆಸರಿಗೆ ಅಂಕವಿಲ್ಲ. ತೀರ್ಮಾನಗಳ ಬಗ್ಗೆ ನಿಮಗೆ ಆಕ್ಷೇಪವಿಲ್ಲದೆ, ಸಮಯದ ಅಭಾವದಿಂದ ಮಾತ್ರ ಯೋಜನೆ ಬಿಡುತ್ತಿದ್ದರೆ, ಸಹ-ಲೇಖಕತ್ವವನ್ನು ಬಿಟ್ಟುಕೊಡಬೇಡಿ. ಅಂತಿಮ ಕರಡನ್ನು ಓದಿ ತಿದ್ದುವ ಅವಕಾಶವನ್ನು ಪತ್ರದಲ್ಲೇ ಕೇಳಿ. ಸಂಶೋಧನೆಯಲ್ಲಿ ಗಣನೀಯ ಕೆಲಸ ಮಾಡಿದವರಿಗೆ ಆ ಅವಕಾಶ ಸಿಗಲೇಬೇಕು.

ಪತ್ರವನ್ನು ಪ್ರಧಾನ ಸಂಶೋಧಕರಿಗೆ ಬರೆದು, ಎಲ್ಲ ಸಹ-ಲೇಖಕರಿಗೂ ವಿಭಾಗದ ಮುಖ್ಯಸ್ಥರಿಗೂ ಪ್ರತಿ ಕಳುಹಿಸಿ. ಪ್ರಬಂಧ ಈಗಾಗಲೇ ಪತ್ರಿಕೆಗೆ ಹೋಗಿದ್ದರೆ ಸಂಪಾದಕರಿಗೂ ತಿಳಿಸಬೇಕು. ಲೇಖಕರ ಪಟ್ಟಿ ಬದಲಿಸಲು ಅವರು ಸಾಮಾನ್ಯವಾಗಿ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಕೇಳುತ್ತಾರೆ, ಆದ್ದರಿಂದ ನಿಮ್ಮ ಪತ್ರವೊಂದರಿಂದಲೇ ಹೆಸರು ಹೋಗಿಬಿಡುತ್ತದೆಂದು ಭಾವಿಸಬೇಡಿ. ಬದಲಾದ ಪಟ್ಟಿಯಿರುವ ಕರಡಿನ ಮೊದಲ ಪುಟವನ್ನು ಕೇಳಿ ಪಡೆಯಿರಿ.

ಕ್ಷೇತ್ರದ ಟಿಪ್ಪಣಿ ಪುಸ್ತಕ, ಪ್ರಯೋಗಾಲಯದ ರಿಜಿಸ್ಟರ್, ಅಳತೆಗಳ ಮೂಲ ಕಡತ ಇವನ್ನು ಪಟ್ಟಿ ಮಾಡಿ ಒಪ್ಪಿಸಿ, ಆ ಪಟ್ಟಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಸಹಿ ಮಾಡಿಸಿಕೊಳ್ಳಿ. ರೈತರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳಿರುವ ಹಾಳೆಯನ್ನು ಮಾತ್ರ, ಅವರು ಕೊಟ್ಟ ಒಪ್ಪಿಗೆಯಲ್ಲಿ ಹಂಚಿಕೊಳ್ಳಬಹುದೆಂದು ಇದ್ದರಷ್ಟೇ ಕೊಡಿ.