ಡಿಸ್ಚಾರ್ಜ್ ತಡವಾದರೆ ಯಾರನ್ನು ಕೇಳುವುದು?

ಪ್ರಶ್ನೆ: ಸರ್, ರಾಜಾಜಿನಗರದ ನಮ್ಮ 50 ಹಾಸಿಗೆಯ ಆಸ್ಪತ್ರೆ ಈಗ 120ಕ್ಕೆ ಏರುತ್ತಿದೆ. ನರ್ಸಿಂಗ್, ಲ್ಯಾಬ್, ಫಾರ್ಮಸಿ, ಬಿಲ್ಲಿಂಗ್ ಎಂದು ಕೆಲಸವಾರು ವಿಭಾಗಗಳಿವೆ. ಹೆರಿಗೆ, ಮೂಳೆ, ಹೃದಯ ಎಂದು ಬೇರೆ ಬೇರೆ ಘಟಕ ಮಾಡಿ ಅಂತ ಒಬ್ಬರು, ಮ್ಯಾಟ್ರಿಕ್ಸ್ ಮಾಡಿ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ನಿನ್ನೆಯ ಒಂದು ಡಿಸ್ಚಾರ್ಜ್ ತೆಗೆದುಕೊಂಡು ಗಂಟೆವಾರು ಬರೆಯಿರಿ. ಹೀಗಿರುತ್ತದೆ ಅಂದುಕೊಳ್ಳಿ: ಬೆಳಿಗ್ಗೆ 10ಕ್ಕೆ ರೌಂಡ್ಸ್‌ನಲ್ಲಿ ಡಾಕ್ಟರ್ ‘ಮನೆಗೆ ಹೋಗಬಹುದು’ ಅಂದರು. ಡ್ಯೂಟಿ ಡಾಕ್ಟರ್ ಓಟಿಯಲ್ಲಿದ್ದರಿಂದ ಸಮ್ಮರಿ ಸಿದ್ಧವಾಗಿದ್ದು 12ಕ್ಕೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಬಿಲ್ ಆಗುವಾಗ 1.30. ವಿಮೆ ಕಂಪನಿ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲೇ ಹೇಳಿದೆ, ಆದರೆ ಆ ಲೆಕ್ಕ ಶುರುವಾಗುವುದು ನೀವು ಕೇಳಿದ ಮೇಲೆ. ರೋಗಿ ಬೈಯುವುದು ವಿಮೆಯವರನ್ನು, ಮೂರೂವರೆ ಗಂಟೆ ಹೋಗಿದ್ದು ನಿಮ್ಮ ಕಟ್ಟಡದೊಳಗೆ! ಯಾರನ್ನು ಕೇಳಿದರೂ ‘ನನ್ನ ಕೆಲಸ ಮುಗಿದಿತ್ತು’ ಅಂತಾರೆ, ಅದು ನಿಜವೂ ಹೌದು. ಕೆಲಸವಾರು ರಚನೆಯ ತೊಂದರೆ ಇದೇ.

ಹಾಗಂತ ಅದನ್ನು ಒಡೆಯಬೇಡಿ. ಇವತ್ತು ರಾತ್ರಿ ಹೆರಿಗೆ ವಾರ್ಡ್ ಖಾಲಿ ಇದ್ದರೆ, ನರ್ಸಿಂಗ್ ಸೂಪರಿಂಟೆಂಡೆಂಟ್ ಇಬ್ಬರನ್ನು ಮೂಳೆ ವಾರ್ಡಿಗೆ ಕಳಿಸುತ್ತಾರೆ ಅಲ್ವಾ? ಘಟಕಗಳಾದರೆ ಅದಕ್ಕೂ ಮಾತುಕತೆ ಬೇಕು. ಮೂಳೆ ಘಟಕದ ಮುಖ್ಯಸ್ಥರ ಕೈಯಲ್ಲೇ ನರ್ಸ್, ಬಿಲ್ಲಿಂಗ್ ಎಲ್ಲ ಇದ್ದರೆ ಡಿಸ್ಚಾರ್ಜ್ ಬೇಗ ಆಗುತ್ತದೆ, ನಿಜ. ಆದರೆ 40 ಹಾಸಿಗೆಗೆ ಒಂದೊಂದು ಸ್ಟೋರ್, ಮೂರು ಶಿಫ್ಟ್, ರಜೆಗೆ ಬದಲಿ ಜನ, ಖರ್ಚು ಜಾಸ್ತಿ. ಇನ್ನೂ ಒಂದು: ಸೋಂಕು ಕಂಡಾಗ ಓಟಿ ಮುಚ್ಚಿಸುವ ಅಧಿಕಾರ ಆ ಓಟಿಯ ಆದಾಯ ನೋಡುವವರ ಕೈಯಲ್ಲಿ ಇರಲೇಬಾರದು. ನಾಳೆ ಯಲಹಂಕದಲ್ಲಿ ಇನ್ನೊಂದು ಶಾಖೆ ತೆರೆದರೆ ಆಗ ಘಟಕದ ಮಾತು ಬೇರೆ.

ಮ್ಯಾಟ್ರಿಕ್ಸ್ ಅಂದರೆ ನರ್ಸ್‌ಗೆ ಇಬ್ಬರು ಬಾಸ್, ಸೂಪರಿಂಟೆಂಡೆಂಟ್ ಒಬ್ಬರು, ಘಟಕದ ಮುಖ್ಯಸ್ಥರು ಇನ್ನೊಬ್ಬರು. ಜಗಳ ಹತ್ತುವುದು ರಜೆಯಲ್ಲಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೂಪರಿಂಟೆಂಡೆಂಟ್ ರಜೆ ಕೊಟ್ಟಿರುತ್ತಾರೆ, ಅದೇ ದಿನ ಮೂಳೆಯವರು ಮೂರು ಆಪರೇಷನ್ ಹಾಕಿರುತ್ತಾರೆ. ಅದಕ್ಕೇ ಮೊದಲೇ ಬರೆದಿಡಬೇಕು. ಡ್ಯೂಟಿ ಪಟ್ಟಿ, ರಜೆ, ತರಬೇತಿ ಸೂಪರಿಂಟೆಂಡೆಂಟರದು. ವಾರ್ಡಿನ ದಿನದ ಕೆಲಸ, ಡಿಸ್ಚಾರ್ಜ್ ಘಟಕದವರದು. ಆಪರೇಷನ್ ಪಟ್ಟಿ ಹಾಕುವ ಮೊದಲು ಡ್ಯೂಟಿ ಪಟ್ಟಿ ನೋಡಲೇಬೇಕು. ಪ್ರತಿ ವಾರ ಇಬ್ಬರೂ ಪಂಚಾಯಿತಿಗೆ ನಿಮ್ಮ ರೂಮಿಗೇ ಬಂದರೆ ಅದು ಕೆಟ್ಟಿದೆ ಅಂತಲೇ ಅರ್ಥ.

ನಾನಾಗಿದ್ದರೆ ಈಗಿನ ವಿಭಾಗಗಳನ್ನು ಹಾಗೇ ಇಟ್ಟು, ಮೂಳೆಗೆ ಮಾತ್ರ ಒಬ್ಬ ಸಂಯೋಜಕರನ್ನು ಹಾಕುತ್ತೇನೆ. ಅಲ್ಲಿನ ಆಪರೇಷನ್‌ಗಳು ಹೆಚ್ಚಾಗಿ ಮೊದಲೇ ಗೊತ್ತಿರುವುದರಿಂದ ಸಮ್ಮರಿಯ ಕರಡು ಹಿಂದಿನ ಸಂಜೆಯೇ ಆಗಬಹುದು. ಆದರೆ ಫಾರ್ಮಸಿಗೂ ಬಿಲ್ಲಿಂಗಿಗೂ ‘ಇದನ್ನು ಮೊದಲು ಮಾಡಿ’ ಎನ್ನುವ ಅಧಿಕಾರವನ್ನು ಅವರಿಗೆ ಲಿಖಿತವಾಗಿ ಕೊಡಿ, ಇಲ್ಲದಿದ್ದರೆ ಸುಮ್ನೆ ಫೋನ್ ಮಾಡುವವರು ಒಬ್ಬರು ಜಾಸ್ತಿಯಾಗುತ್ತಾರೆ ಅಷ್ಟೆ.