ಇಆರ್‌ಪಿ ಸೆಟ್ಟಿಂಗ್‌ಗೆ ಮುಂಚೆ ಲಾರಿ ಹಿಂದೆ ಒಂದು ದಿನ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮೆಕ್ಕೆಜೋಳ ಖರೀದಿ ಮಾಡಿ ಪಶು ಆಹಾರ ತಯಾರಿಸೋ ಸಣ್ಣ ಮಿಲ್. ಖರೀದಿ, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ನೋಡಿಕೊಳ್ಳೋ ERPNext ಸಾಫ್ಟ್‌ವೇರ್ ಹಾಕಿಸ್ತಾ ಇದ್ದೀವಿ. ಈಗ ಕೆಲಸ ಹೇಗೆ ನಡೀತಿದೆ ಅಂತ ಮೊದಲು ಬಿಪಿಎಂಎನ್ ಚಿತ್ರ, ಅಂದರೆ ಕೆಲಸದ ಹೆಜ್ಜೆಗಳನ್ನು ಗೊತ್ತಾದ ಗುರುತುಗಳಲ್ಲಿ ತೋರಿಸೋ ನಕ್ಷೆ, ಬರೆದುಕೊಡಿ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಖರೀದಿಯಿಂದ ಶುರು ಮಾಡಿ. ಅದರಲ್ಲೂ ಒಂದೇ ಒಂದು ಲಾರಿ, ಗೇಟಿಗೆ ಬಂದಾಗಿನಿಂದ ಖಾಲಿಯಾಗಿ ಹೋಗೋವರೆಗೆ. ಇಲ್ಲೇ ಒಂದು ಮೆಕ್ಕೆಜೋಳದ ಗೋಡೌನಿಗೆ ನಾನು ಈ ಕೆಲಸ ಮಾಡಿದ್ದೆ. ಮೊದಲ ದಿನ ಆಫೀಸಿನಲ್ಲಿ ಕೂತು ಎಲ್ಲರನ್ನೂ ಕೇಳಿ ಚಂದದ ಚಿತ್ರ ಬರೆದೆ. ಅದು ತಪ್ಪಾಗಿತ್ತು. ಜನ ನಿಯಮ ಹೇಳಿದ್ದರು, ನಡೆಯೋದನ್ನು ಹೇಳಿರಲಿಲ್ಲ.

ಎರಡನೇ ದಿನ ವೇಬ್ರಿಡ್ಜ್ ಹತ್ತಿರ ನಿಂತೆ. ಚಿತ್ರಕ್ಕೆ ಬೇಕಾದ ಗುರುತುಗಳು ಬಹಳ ಕಡಿಮೆ. ಶುರುವಿಗೆ ತೆಳು ಗೆರೆಯ ವೃತ್ತ, ಮುಗಿಯೋದಕ್ಕೆ ದಪ್ಪ ಗೆರೆಯ ವೃತ್ತ, ಕೆಲಸಕ್ಕೆ ಮೂಲೆ ದುಂಡಗಿನ ಡಬ್ಬಿ, ದಾರಿ ಕವಲೊಡೆಯುವ ಕಡೆ ವಜ್ರದಾಕಾರದ ಗೇಟ್‌ವೇ. ಒಬ್ಬೊಬ್ಬರಿಗೆ ಒಂದೊಂದು ಅಡ್ಡ ಪಟ್ಟಿ, ಅಂದರೆ ಲೇನ್: ಗೇಟು, ವೇಬ್ರಿಡ್ಜ್, ಗೋಡೌನ್, ಲೆಕ್ಕದವರು. ಸಾಹುಕಾರರಿಗೂ ಒಂದು ಲೇನ್ ಕೊಡಿ. ಎಲ್ಲರೂ ಇದನ್ನೇ ಮರೆಯೋದು. ದರ ಹೇಳುವವರು ಅವರೇ ಅಲ್ವಾ? ದಲ್ಲಾಳಿ ನಿಮ್ಮ ಮಿಲ್ಲಿನವರಲ್ಲ, ಹಾಗಾಗಿ ಅವರದು ಬೇರೆ ಪೂಲ್, ಅಂದರೆ ನಿಮ್ಮ ಲೇನ್‌ಗಳೆಲ್ಲ ಇರುವ ಚೌಕಟ್ಟಿನ ಹೊರಗೆ ಇನ್ನೊಂದು ಚೌಕಟ್ಟು. ಅವರ ಫೋನು, ಚೀಟಿಗೆ ತುಂಡು ತುಂಡು ಗೆರೆಯ ಬಾಣ ಹಾಕಿ. ಗಟ್ಟಿ ಗೆರೆಯ ಬಾಣ ಒಂದು ಪೂಲಿನಿಂದ ಇನ್ನೊಂದಕ್ಕೆ ದಾಟಬಾರದು.

ನಾನು ನೋಡಿದ್ದು ಹೀಗಿತ್ತು. ತುಂಬಿದ ಲಾರಿಯ ತೂಕ 24,360 ಕೆಜಿ. ಮೀಟರಿನಲ್ಲಿ ತೇವಾಂಶ ಶೇ. 16. ಆಮೇಲೆ ಸಾಹುಕಾರರಿಗೆ ಫೋನು, ಕ್ವಿಂಟಲ್‌ಗೆ 2,200 ರೂಪಾಯಿ ಅಂತ ಆಗ ದರ ನಿಕ್ಕಿ. ಹಮಾಲರು ಇಳಿಸಿದ ಮೇಲೆ ಖಾಲಿ ಲಾರಿ 8,140 ಕೆಜಿ. ಮಾಲು 16,220 ಕೆಜಿ. ಅವರ ಲೆಕ್ಕದಲ್ಲಿ ಶೇ. 14ರ ಮೇಲೆ ಪ್ರತಿ ಒಂದಕ್ಕೆ ಕ್ವಿಂಟಲ್‌ಗೆ ಒಂದು ಕೆಜಿ ಕಡಿತ. 324 ಕೆಜಿ ಹೋಗಿ 15,896 ಕೆಜಿಗೆ 3,49,712 ರೂಪಾಯಿ.

ಚಿತ್ರದಲ್ಲಿ ಇದನ್ನು ಇಟ್ಟಾಗ ಎರಡು ವಿಷಯ ಕಣ್ಣಿಗೆ ಬಿದ್ದವು. ಒಂದು, ದರ ಹುಟ್ಟೋದು ತೇವಾಂಶ ನೋಡಿದ ಮೇಲೆ. ಆದರೆ ಸಾಫ್ಟ್‌ವೇರ್ ಹಾಕುವವರು ಕೊಟ್ಟ ಪಟ್ಟಿಯಲ್ಲಿ ಮೊದಲು ದರದ ಸಮೇತ `Purchase Order`, ಆಮೇಲೆ ಮಾಲು. `Buying Settings` ಒಳಗೆ ಆರ್ಡರ್ ಕಡ್ಡಾಯ ಅಂತ ಇಟ್ಟಿದ್ದರೆ, ಗುಮಾಸ್ತರು ಲಾರಿ ಹೋದ ಮೇಲೆ ಸುಮ್ನೆ ಲೆಕ್ಕಕ್ಕೆ ಒಂದು ಆರ್ಡರ್ ಮಾಡ್ತಾ ಕೂರಬೇಕಿತ್ತು. ಕಡ್ಡಾಯ ತೆಗೆಸಿ, ನೇರವಾಗಿ `Purchase Receipt`, ಅಂದರೆ ಮಾಲು ಒಳಗೆ ಬಂದ ದಾಖಲೆ, ಮಾಡುವ ಹಾಗೆ ಇಟ್ಟೆವು.

ಎರಡು, ತೂಕ ಎರಡಿವೆ. ಗೋಡೌನ್ ಲೇನಿನಲ್ಲಿ 16,220, ಲೆಕ್ಕದ ಲೇನಿನಲ್ಲಿ 15,896. ಕಡಿತದ 324 ಕೆಜಿಯನ್ನು ತಿರಸ್ಕರಿಸಿದ ಮಾಲು ಅಂತ ಹಾಕೋಣ ಅಂದರು ಒಬ್ಬರು. ಅದು ತಪ್ಪು. ಆ ಮಾಲು ಬೇರೆ ಎಲ್ಲೂ ಬಿದ್ದಿಲ್ಲ, ಅದೇ ರಾಶಿಯಲ್ಲಿದೆ. ಪೂರ್ತಿ 16,220 ಕೆಜಿ ಒಳಗೆ ತಗೊಂಡು, ದರ ಕೆಜಿಗೆ ಸುಮಾರು 21.56 ರೂಪಾಯಿ ಅಂತ ಇಳಿಸಿದರೆ ದಾಸ್ತಾನೂ ಸರಿ, ದುಡ್ಡೂ ಸರಿ. ಒಣಗಿಸುವಾಗ ಕಮ್ಮಿಯಾಗುವ ತೂಕವನ್ನು ಆಮೇಲೆ ಬೇರೆಯಾಗಿ ತೆಗೆಯಿರಿ. ಅಂದ ಹಾಗೆ ಶೇ. 16ರಿಂದ 14ಕ್ಕೆ ಒಣಗಿದರೆ ಈ ಲಾರಿಯಲ್ಲಿ ಹೋಗೋದು ಸುಮಾರು 377 ಕೆಜಿ, 324 ಅಲ್ಲ. ಸಾಹುಕಾರರಿಗೆ ಇದನ್ನು ತೋರಿಸಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ.

ಗೇಟ್‌ವೇ ಬಗ್ಗೆ ಒಂದು ಮಾತು. ವಜ್ರ ತಾನೇ ತೀರ್ಮಾನ ಮಾಡಲ್ಲ, ದಾರಿ ಮಾತ್ರ ತೋರಿಸುತ್ತದೆ. ಅದರ ಹಿಂದೆ "ತೇವಾಂಶ ಅಳೆ" ಅನ್ನೋ ಡಬ್ಬಿ ಇರಬೇಕು, ಮತ್ತು ಅದು ಒಬ್ಬರ ಲೇನಿನಲ್ಲಿರಬೇಕು. ಹೊರಡುವ ಪ್ರತಿ ಬಾಣದ ಮೇಲೂ ಉತ್ತರ ಬರೆಯಿರಿ.

ಚಿತ್ರ ಸರಿ ಇದೆಯಾ ಅಂತ ಗೊತ್ತಾಗೋದು ಹಳೆಯ ತೂಕದ ಚೀಟಿಗಳಿಂದ. ನಾನು 40 ಚೀಟಿ ತೆಗೆದು, ಪ್ರತಿಯೊಂದನ್ನೂ ಬೆರಳಿಟ್ಟು ಚಿತ್ರದ ಮೇಲೆ ನಡೆಸಿದೆ. ಆರು ಸಿಕ್ಕಿಹಾಕಿಕೊಂಡವು. ನಾಲ್ಕರಲ್ಲಿ ಎರಡನೇ ತೂಕ 14 ಟನ್ ಆಸುಪಾಸು ಇತ್ತು. ಖಾಲಿ ಲಾರಿ ಅಷ್ಟು ತೂಗಲ್ಲ ಅಲ್ವಾ? ವಿಚಾರಿಸಿದರೆ, ಅರ್ಧ ಇಳಿಸಿದ ಮೇಲೆ ತಳದ ಚೀಲಗಳಲ್ಲಿ ಬೂಸ್ಟು ಸಿಕ್ಕಿ, ಉಳಿದ ಮಾಲಿನ ಸಮೇತ ಲಾರಿ ವಾಪಸ್ ಹೋಗಿತ್ತು. ಈ ದಾರಿಯನ್ನು ಯಾರೂ ಹೇಳಿರಲಿಲ್ಲ. ಉಳಿದ ಎರಡು, ಸಾಹುಕಾರರು ಫೋನ್ ಎತ್ತದೆ ರಾತ್ರಿ ಪೂರ್ತಿ ನಿಂತ ಲಾರಿಗಳು.

ಡ್ರಾಯಿಂಗಿಗೆ bpmn.io ಸಾಕು, ದುಡ್ಡಿಲ್ಲ. ಆದರೆ ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ. ವೇಬ್ರಿಡ್ಜಿನ ಹುಡುಗ ಲ್ಯಾಪ್‌ಟಾಪ್ ನೋಡಿದರೆ ಸುಮ್ಮನಾಗ್ತಾನೆ, ಪೆನ್ಸಿಲ್ ಕೊಟ್ಟರೆ ತಾನೇ ತಿದ್ದುತ್ತಾನೆ. ದಲ್ಲಾಳಿಗೆ ದುಡ್ಡು ಕೊಡೋದನ್ನು ಇದೇ ಹಾಳೆಯಲ್ಲಿ ತುರುಕಬೇಡಿ, ಅದಕ್ಕೆ ಬೇರೆ ಚಿತ್ರ ಬೇಕು.